ಕ್ರಿಮಿ ಎಲ್ಲರ ಮನೆಗೂ ಬರುತ್ತೆ, ಕಾಯಿಲೆ ಕೆಲವರ ಮನೇಲೇ ಯಾಕೆ ಉಳಿಯುತ್ತೆ?

ನಾಳೆ ಮಾರ್ಚ್ 24. ವಿಶ್ವ ಕ್ಷಯರೋಗ ದಿನ. 1882ರಲ್ಲಿ ಇದೇ ದಿನ ಬರ್ಲಿನ್‌ನಲ್ಲಿ ರಾಬರ್ಟ್ ಕಾಕ್ ಅನ್ನೋ ವೈದ್ಯ ಎದ್ದು ನಿಂತು, ಟಿಬಿ ಕಾಯಿಲೆಗೆ ಕಾರಣವಾದ ಕ್ರಿಮಿ ಇದೇ ಅಂತ ಜಗತ್ತಿಗೆ ತೋರಿಸಿದ. ನಾಳೆ ಪತ್ರಿಕೆಗಳಲ್ಲಿ ಪುಟ ಪುಟ ಜಾಹೀರಾತು ಬರುತ್ತೆ. ಜಾಥಾ ನಡೆಯುತ್ತೆ, ಶಾಲೆ ಮಕ್ಕಳ ಕೈಗೆ ಫಲಕ ಕೊಟ್ಟು ಬಿಸಿಲಲ್ಲಿ ನಡೆಸ್ತಾರೆ. ಸಂಜೆ ಹೊತ್ತಿಗೆ ಮುಗಿದು ಹೋಗುತ್ತೆ.

ಹಾಗಾಗಿ ಒಂದು ದಿನ ಮೊದಲೇ ನಾನು ಒಂದು ಪ್ರಶ್ನೆ ಇಟ್ಟುಕೊಂಡು ಕೂತಿದ್ದೀನಿ. ಕ್ರಿಮಿ ಕಂಡುಹಿಡಿದು 140 ವರ್ಷ ದಾಟಿತು. ಔಷಧಿ ಬಂದು 75 ವರ್ಷ ದಾಟಿತು. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಉಚಿತ, ಮಾತ್ರೆ ಉಚಿತ. ಆದರೂ ಈ ದೇಶದಲ್ಲಿ ವರ್ಷಕ್ಕೆ 25 ಲಕ್ಷಕ್ಕೂ ಹೆಚ್ಚು ಜನಕ್ಕೆ ಟಿಬಿ ಬರುತ್ತೆ, ಸುಮಾರು 3 ಲಕ್ಷ ಜನ ಸಾಯ್ತಾರೆ. ಆ ಸಾಯೋರು ಯಾವ ಏರಿಯಾದವರು? ನಿಮ್ಮ ಊರಿನ ಯಾವುದೇ ಆಶಾ ಕಾರ್ಯಕರ್ತೆಯನ್ನ ಕೇಳಿ ನೋಡಿ. ಯಾವ ಬೀದಿಗೆ ಹೆಚ್ಚು ಸಲ ಮಾತ್ರೆ ತಗೊಂಡು ಹೋಗ್ತೀರಮ್ಮಾ ಅಂತ. ಪಟ್ಟಿ ನೋಡದೇ ಹೇಳ್ತಾರೆ.

ಈ ಮಾತು ತೆಗೆದರೆ ಸಾಕು, ನಮ್ಮ ವಾಟ್ಸಾಪ್ ನಂಬರಿಗೆ ಒಂದೇ ಥರದ ಸಂದೇಶ ಬರುತ್ತೆ. "ಅವರಿಗೆ ಸ್ವಚ್ಛತೆ ಇಲ್ಲ ಸಾರ್", "ಕುಡೀತಾರೆ, ಬೀಡಿ ಸೇದ್ತಾರೆ", "ಹೇಳಿದ್ರೂ ಆಸ್ಪತ್ರೆಗೆ ಹೋಗಲ್ಲ". ಇವತ್ತು ಈ ಮೂರೂ ಮಾತುಗಳನ್ನ ಒಂದು ತಕ್ಕಡಿಯಲ್ಲಿಟ್ಟು ತೂಗೋಣ ಅಂತಿದ್ದೀನಿ. ತಕ್ಕಡಿ ಅಂತ ಸುಮ್ಮನೆ ಹೇಳಲಿಲ್ಲ. ಈ ಕಥೆಯಲ್ಲಿ ತೂಕದ್ದೇ ದೊಡ್ಡ ಪಾತ್ರ.

ಮೊದಲು ಒಂದು ವಿಷಯ ಅರ್ಥ ಮಾಡಿಕೊಳ್ಳಿ. ಟಿಬಿ ಕ್ರಿಮಿ ಒಳಗೆ ಹೋಗೋದು ಬೇರೆ, ಟಿಬಿ ಕಾಯಿಲೆ ಬರೋದು ಬೇರೆ. ಐಸಿಎಂಆರ್ ನೇತೃತ್ವದಲ್ಲಿ 2019ರಿಂದ 2021ರವರೆಗೆ ದೇಶದಾದ್ಯಂತ ಒಂದು ಸಮೀಕ್ಷೆ ಆಯಿತು. 15 ವರ್ಷ ದಾಟಿದವರಲ್ಲಿ ನೂರಕ್ಕೆ ಸುಮಾರು 31 ಜನರ ಮೈಯಲ್ಲಿ ಈ ಸೋಂಕು ಇದೆ ಅಂತ ಗೊತ್ತಾಯಿತು. ಅಂದರೆ ಈ ಕಾರ್ಯಕ್ರಮ ನೋಡ್ತಾ ಇರೋ ಮೂವರಲ್ಲಿ ಒಬ್ಬರ ಒಳಗೆ ಕ್ರಿಮಿ ಇರಬಹುದು. ಗಾಬರಿ ಬೇಡ. ಸೋಂಕು ತಗುಲಿದ ನೂರು ಜನರಲ್ಲಿ, ಇಡೀ ಜೀವಮಾನದಲ್ಲಿ ಕಾಯಿಲೆ ಬೀಳೋದು 5ರಿಂದ 10 ಜನ ಮಾತ್ರ. ಉಳಿದ ತೊಂಬತ್ತು ಜನರಲ್ಲಿ ಏನಾಗುತ್ತೆ? ಶ್ವಾಸಕೋಶದೊಳಗೆ ಬಂದ ಕ್ರಿಮಿಯನ್ನ ರಕ್ಷಣಾ ಕಣಗಳು ಸುತ್ತುವರಿದು, ಕೋಟೆ ಕಟ್ಟಿ ಒಳಗೇ ಕೂಡಿ ಹಾಕ್ತವೆ. ಕ್ರಿಮಿ ಸಾಯಲ್ಲ, ಆದರೆ ಆಚೆಗೂ ಬರಲ್ಲ. ಹತ್ತು ವರ್ಷ, ಇಪ್ಪತ್ತು ವರ್ಷ ಹಾಗೇ ಬಿದ್ದಿರುತ್ತೆ.

ಆ ಕೋಟೆಗೆ ದಿನಾ ಕಾವಲು ಬೇಕು. ಕಾವಲಿನ ಸೈನಿಕರಿಗೆ ಊಟ ಬೇಕು. ಮೈಯಲ್ಲಿ ಪ್ರೋಟೀನ್ ಕಡಿಮೆಯಾದರೆ, ಒಟ್ಟು ಆಹಾರವೇ ಕಡಿಮೆಯಾದರೆ, ಮೊದಲು ಸೊರಗೋದು ಈ ಕಣಗಳೇ. ಗೋಡೆ ಸಡಿಲ ಆಗುತ್ತೆ, ಕ್ರಿಮಿ ಆಚೆ ಬರುತ್ತೆ. ಎಚ್‌ಐವಿ, ಸಕ್ಕರೆ ಕಾಯಿಲೆ, ಕುಡಿತ, ಬೀಡಿ ಸಿಗರೇಟು, ಇವೂ ಆ ಗೋಡೆಯನ್ನ ಕೆಡವುತ್ತವೆ, ಅದು ನಿಜ. ಆದರೆ ನಮ್ಮ ದೇಶದಲ್ಲಿ ಇವೆಲ್ಲಕ್ಕಿಂತ ದೊಡ್ಡ ಸುತ್ತಿಗೆ ಹಸಿವು.

ಎಷ್ಟು ದೊಡ್ಡದು? ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡೋಕೆ ಬಿಎಂಐ ಅನ್ನೋ ಲೆಕ್ಕ ಇದೆಯಲ್ಲ, ಜಿಮ್‌ನಲ್ಲಿ, ಹೆಲ್ತ್ ಚೆಕಪ್‌ನಲ್ಲಿ ಹೇಳ್ತಾರೆ. ನಮಗೆಲ್ಲ ಅದು ಜಾಸ್ತಿಯಾಯ್ತು ಅನ್ನೋ ಚಿಂತೆ. 18.5ಕ್ಕಿಂತ ಕೆಳಗೆ ಹೋದರೆ ಅಪೌಷ್ಟಿಕತೆ. ಹಲವು ದೇಶಗಳ ಅಧ್ಯಯನಗಳನ್ನ ಒಟ್ಟಿಗಿಟ್ಟು ನೋಡಿದಾಗ, ಬಿಎಂಐ ಒಂದೊಂದು ಅಂಕ ಇಳಿದಂತೆ ಟಿಬಿ ಅಪಾಯ ಸುಮಾರು ಶೇ. 14ರಷ್ಟು ಏರುತ್ತೆ ಅಂತ ಕಂಡುಬಂತು. 24 ಇರುವವರಿಗೂ 18 ಇರುವವರಿಗೂ ಅಂತರ ಆರೇ ಅಂಕ. ಅಪಾಯ ದುಪ್ಪಟ್ಟಿಗಿಂತ ಹೆಚ್ಚು.

ಈಗ ನೀವು ಕೇಳಬಹುದು, ಹಸಿವಿರೋ ಕಡೆ ಟಿಬಿ ಇದೆ ಸರಿ, ಆದರೆ ಹಸಿವೇ ಕಾರಣ ಅಂತ ಹೇಗೆ ಹೇಳ್ತೀರಿ? ಬಡವರ ಮನೆಯಲ್ಲಿ ಹಸಿವಷ್ಟೇ ಅಲ್ಲ, ಹೊಗೆ ಇದೆ, ಇಕ್ಕಟ್ಟು ಇದೆ, ಕುಡಿತ ಇದೆ, ಧೂಳಿನ ಕೆಲಸ ಇದೆ. ಇಷ್ಟೆಲ್ಲ ಸೇರಿಕೊಂಡಿರುವಾಗ ಒಂದನ್ನೇ ಬೆರಳು ಮಾಡಿ ತೋರಿಸೋದು ಹೇಗೆ? ಪ್ರಶ್ನೆ ಸರಿಯಾಗಿಯೇ ಇದೆ. ಇದಕ್ಕೆ ಉತ್ತರ ಹುಡುಕಿದವರು ನಮ್ಮ ಮಂಗಳೂರಿನ ವೈದ್ಯರು. ನಮ್ಮಲ್ಲಿ ಎಷ್ಟು ಜನಕ್ಕೆ ಈ ಸುದ್ದಿ ಗೊತ್ತು ಹೇಳಿ? ಯಾವ ಚಾನೆಲ್ಲೂ ಬ್ರೇಕಿಂಗ್ ಹಾಕಲಿಲ್ಲ. ನಮ್ಮದನ್ನೂ ಸೇರಿಸಿಯೇ ಹೇಳ್ತಿದ್ದೀನಿ.

ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ, ಐಸಿಎಂಆರ್‌ನ ಸಂಸ್ಥೆಗಳು ಮತ್ತು ಟಿಬಿ ಕಾರ್ಯಕ್ರಮದ ಜೊತೆ ಸೇರಿ, ಜಾರ್ಖಂಡ್‌ನ 4 ಜಿಲ್ಲೆಗಳಲ್ಲಿ ಒಂದು ಪ್ರಯೋಗ ಮಾಡಿದರು. ಹೆಸರು 'ರೇಷನ್ಸ್'. 2019ರ ಆಗಸ್ಟ್‌ನಲ್ಲಿ ಶುರುವಾಗಿ 2022ರವರೆಗೆ ನಡೆಯಿತು. ಕಫ ಪರೀಕ್ಷೆಯಲ್ಲಿ ಖಚಿತವಾದ 2,800 ಟಿಬಿ ರೋಗಿಗಳು. ಅವರ ಜೊತೆ ಒಂದೇ ಸೂರಿನಡಿ ಇರುವ 10,345 ಮನೆಮಂದಿ. ಮೂರನೇ ಎರಡು ಭಾಗದಷ್ಟು ಜನ ಸಂತಾಲ್, ಹೋ, ಮುಂಡಾ, ಒರಾಂವ್ ಮುಂತಾದ ಆದಿವಾಸಿ ಸಮುದಾಯದವರು.

ಪ್ರತಿ ರೋಗಿಗೂ ತಿಂಗಳಿಗೆ 10 ಕೆಜಿ ಆಹಾರದ ಚೀಲ ಕೊಟ್ಟರು. 5 ಕೆಜಿ ಅಕ್ಕಿ, 3 ಕೆಜಿ ತೊಗರಿ ಬೇಳೆ, ಒಂದೂವರೆ ಕೆಜಿ ಹಾಲಿನ ಪುಡಿ, ಅರ್ಧ ಲೀಟರ್ ಎಣ್ಣೆ, ಜೊತೆಗೆ ವಿಟಮಿನ್ ಮಾತ್ರೆ. ದಿನಕ್ಕೆ 1,200 ಕ್ಯಾಲೊರಿ, 52 ಗ್ರಾಂ ಪ್ರೋಟೀನ್ ಆಗುತ್ತೆ. ಇದು ರೋಗಿಗೆ. ಅಸಲಿ ಪ್ರಯೋಗ ಇದ್ದದ್ದು ಮನೆಮಂದಿಯ ಮೇಲೆ. ಟಿಬಿ ಘಟಕಗಳನ್ನ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿನಲ್ಲಿ ರೋಗಿಯ ಮನೆಯ ಪ್ರತಿಯೊಬ್ಬರಿಗೂ ಆಹಾರ, ದೊಡ್ಡವರಿಗಾದರೆ ತಲಾ 5 ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ, ವಿಟಮಿನ್ ಮಾತ್ರೆ. ಇನ್ನೊಂದು ಗುಂಪಿನಲ್ಲಿ ರೋಗಿಗೆ ಮಾತ್ರ ಚೀಲ, ಮನೆಮಂದಿಗೆ ಅವರ ಎಂದಿನ ಊಟ. ಆಮೇಲೆ ಯಾರಿಗೆ ಹೊಸದಾಗಿ ಟಿಬಿ ಬರುತ್ತೆ ಅಂತ ಕಾದು ನೋಡಿದರು.

ಗಮನಿಸಿ, ಯಾರ ಮನೆಯ ಕಿಟಕಿಯನ್ನೂ ದೊಡ್ಡದು ಮಾಡಲಿಲ್ಲ. ಯಾರಿಗೂ ಕುಡೀಬೇಡಿ ಅಂತ ಭಾಷಣ ಬಿಗಿಯೋ ಪ್ರಯೋಗ ಅಲ್ಲ ಅದು. ಸೌದೆ ಒಲೆ ಹಾಗೇ ಇತ್ತು, ಬೀಡಿ ಹಾಗೇ ಇತ್ತು. ಎರಡೂ ಗುಂಪಿನ ನಡುವೆ ಬದಲಾಗಿದ್ದು ಅನ್ನ ಮತ್ತು ಬೇಳೆ. ಊಟ ಸಿಕ್ಕಿದ ಮನೆಗಳಲ್ಲಿ ಟಿಬಿ ಶೇ. 39ರಷ್ಟು ಕಡಿಮೆಯಾಯಿತು. ಕಫದಲ್ಲಿ ಕ್ರಿಮಿ ಕಾಣಿಸಿಕೊಳ್ಳುವ, ಅಂದರೆ ಇನ್ನೊಬ್ಬರಿಗೆ ಹರಡುವ ಶ್ವಾಸಕೋಶದ ಟಿಬಿ ಶೇ. 48ರಷ್ಟು ಕಡಿಮೆ. ಹೆಚ್ಚು ಕಡಿಮೆ ಅರ್ಧಕ್ಕೆ ಅರ್ಧ! 2023ರಲ್ಲಿ 'ದಿ ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಒಂದು ಲಸಿಕೆ ಈ ಕೆಲಸ ಮಾಡಿದ್ದರೆ ಕಂಪನಿಗಳ ಷೇರು ಎಲ್ಲಿಗೆ ಹೋಗ್ತಿತ್ತು ಯೋಚನೆ ಮಾಡಿ. ಇದು ತೊಗರಿ ಬೇಳೆ. ಪೇಟೆಂಟ್ ಇಲ್ಲ.

ಈ ಅಂಕಿಯನ್ನ ಹೇಗೆ ಓದಬೇಕು ಅನ್ನೋದನ್ನೂ ಹೇಳಿಬಿಡ್ತೀನಿ, ಇಲ್ಲದಿದ್ದರೆ ನಾಳೆ ಯಾರೋ ಬೇಳೆ ತಿಂದರೆ ಟಿಬಿ ಬರಲ್ಲ ಅಂತ ಫಾರ್ವರ್ಡ್ ಮಾಡ್ತಾರೆ. ಒಟ್ಟು ಹತ್ತು ಸಾವಿರ ಜನರಲ್ಲಿ ಹೊಸದಾಗಿ ಟಿಬಿ ಬಂದಿದ್ದು 218 ಜನಕ್ಕೆ. ಊಟ ಸಿಗದ ಗುಂಪಿನಲ್ಲಿ 122, ಊಟ ಸಿಕ್ಕ ಗುಂಪಿನಲ್ಲಿ 96. ಊಟ ಸಿಕ್ಕ ಗುಂಪಿನಲ್ಲಿ ಸುಮಾರು 900 ಜನ ಜಾಸ್ತಿ ಇದ್ದರು ಅನ್ನೋದನ್ನ ಮರೆಯಬೇಡಿ. ಒಂದು ಟಿಬಿ ತಪ್ಪಿಸೋಕೆ ಸುಮಾರು 30 ಮನೆಗಳಿಗೆ ಆಹಾರ ಕೊಡಬೇಕು ಅಂತ ಲೆಕ್ಕ ಬಂತು. ಊಟ ತಿಂದವರಿಗೂ ಟಿಬಿ ಬಂದಿದೆ. ಜೊತೆಗೆ, ಪ್ರಯೋಗದ ನಡುವೆ ಕೋವಿಡ್ ಬಂತು, ಲಾಕ್‌ಡೌನ್ ಬಂತು. 2020ರ ಏಪ್ರಿಲ್‌ನಿಂದ ಕೇಂದ್ರ ಸರ್ಕಾರ ಕೊಟ್ಟ ಉಚಿತ ಪಡಿತರ ಎರಡೂ ಕಡೆಯ ಮನೆಗಳಿಗೆ ಹೋಗಿರುತ್ತೆ. ರೋಗಿಗೆ ಕೊಟ್ಟ ಚೀಲದಿಂದ ಮಕ್ಕಳ ತಟ್ಟೆಗೆ ಒಂದು ಸೌಟು ಬಿದ್ದಿರುತ್ತೆ, ಯಾವ ತಾಯಿ ಬಿಡ್ತಾಳೆ? ಹೀಗೆ ಎರಡು ಗುಂಪಿನ ವ್ಯತ್ಯಾಸ ತೆಳುವಾಗುವ ಕಾರಣಗಳಿದ್ದೂ ಇಷ್ಟು ಅಂತರ ಕಂಡಿತು. ನನಗೆ ಮುಖ್ಯ ಅನಿಸೋದು ಅದೇ.

ಇನ್ನು ಆ 2,800 ರೋಗಿಗಳ ತೂಕ. ಸರಾಸರಿ 42.6 ಕೆಜಿ. ಇವರಲ್ಲಿ ಬಹುಪಾಲು ವಯಸ್ಕ ಗಂಡಸರು! ಐದರಲ್ಲಿ ನಾಲ್ಕು ಜನ ಅಪೌಷ್ಟಿಕರು. ಐದು ಅಡಿ ಮೂರು ಇಂಚಿನ ಒಬ್ಬ ಗಾರೆ ಕೆಲಸದವನನ್ನ ಕಣ್ಣ ಮುಂದೆ ತಂದುಕೊಳ್ಳಿ. ಅವನು ಕನಿಷ್ಠ 47 ಕೆಜಿ ಇರಬೇಕು. 42 ಇದ್ದಾನೆ. ನಮ್ಮಲ್ಲಿ ಏಳನೇ ಕ್ಲಾಸ್ ಹುಡುಗ ಆ ತೂಕ ಇರ್ತಾನೆ ಸ್ವಾಮಿ. ಆ ಮೈಯಲ್ಲಿ ಅವನು ಸಿಮೆಂಟ್ ಬಾಣಲೆ ಹೊತ್ತು ಎರಡು ಮಹಡಿ ಹತ್ತಬೇಕು.

ಟಿಬಿ ಮಾತ್ರೆ ಶುರು ಮಾಡಿದ ಮೊದಲ ಎರಡು ತಿಂಗಳಲ್ಲಿ ಅವನ ತೂಕ ಎತ್ತ ಹೋಗುತ್ತೆ ಅನ್ನೋದರ ಮೇಲೆ ಅವನ ಜೀವ ನಿಂತಿದೆ. ಎರಡು ತಿಂಗಳಲ್ಲಿ ಶೇ. 5ರಷ್ಟು ತೂಕ ಏರಿಸಿಕೊಂಡವರಲ್ಲಿ ಸಾವಿನ ಅಪಾಯ ಶೇ. 61ರಷ್ಟು ಕಡಿಮೆ ಇತ್ತು. 42 ಕೆಜಿಗೆ ಶೇ. 5 ಅಂದರೆ ಎರಡು ಕೆಜಿ ಚಿಲ್ಲರೆ. ಇಲ್ಲೂ ಒಂದು ಮಾತು. ಚೇತರಿಸಿಕೊಳ್ತಾ ಇರೋನಿಗೆ ಹಸಿವು ಜಾಸ್ತಿ ಆಗುತ್ತೆ, ತೂಕ ಏರುತ್ತೆ. ಹಾಗಾಗಿ ತೂಕ ಏರಿದ್ದಕ್ಕೇ ಬದುಕಿದನೋ, ಬದುಕುವವನಾದ್ದರಿಂದ ತೂಕ ಏರಿತೋ ಅಂತ ಇದೊಂದರಿಂದಲೇ ಪೂರ್ತಿ ಬಿಡಿಸಿ ಹೇಳೋಕಾಗಲ್ಲ. ರೋಗಿಗಳೆಲ್ಲರಿಗೂ ಆಹಾರ ಕೊಟ್ಟಿದ್ದರಿಂದ ಅಲ್ಲಿ ಹೋಲಿಕೆಗೆ ಇನ್ನೊಂದು ಗುಂಪು ಇರಲಿಲ್ಲ. ಕೊಡದೇ ಇರೋಕೆ ಅವರಿಗೆ ಮನಸ್ಸೂ ಬಂದಿರಲಿಕ್ಕಿಲ್ಲ. ಆದರೆ ಒಂದು ಉಪಯೋಗ ಖಂಡಿತ ಇದೆ. ಎರಡು ತಿಂಗಳಾದರೂ ತೂಕ ಏರದ ರೋಗಿ ಅಪಾಯದಲ್ಲಿದ್ದಾನೆ ಅಂತ ತಿಳಿಯೋಕೆ ಸ್ಕ್ಯಾನಿಂಗ್ ಬೇಡ, ಒಂದು ತೂಕದ ಯಂತ್ರ ಸಾಕು.

ಹಾಗಾದರೆ ಇಷ್ಟು ಸರಳ ವಿಷಯ ವೈದ್ಯರಿಗೆ ಮೊದಲು ಗೊತ್ತಿರಲಿಲ್ಲವಾ? ಚೆನ್ನಾಗಿ ಗೊತ್ತಿತ್ತು. ಮಾತ್ರೆ ಇಲ್ಲದ ಕಾಲದಲ್ಲಿ ಟಿಬಿಗೆ ಇದ್ದ ಚಿಕಿತ್ಸೆಯೇ ಒಳ್ಳೆ ಊಟ, ವಿಶ್ರಾಂತಿ, ಗಾಳಿ ಬೆಳಕು. ಅದಕ್ಕೆಂದೇ ಸ್ಯಾನಟೋರಿಯಂ ಕಟ್ಟಿದ್ದು. 1956ರಲ್ಲಿ ಮದ್ರಾಸ್‌ನಲ್ಲಿ ಒಂದು ಪ್ರಸಿದ್ಧ ಪ್ರಯೋಗ ಶುರುವಾಯಿತು. ಬಡ ರೋಗಿಗಳಲ್ಲಿ ಅರ್ಧ ಜನರನ್ನ ಸ್ಯಾನಟೋರಿಯಂಗೆ ಸೇರಿಸಿ ಒಳ್ಳೆ ಊಟ, ವಿಶ್ರಾಂತಿ ಕೊಟ್ಟರು. ಇನ್ನರ್ಧ ಜನರಿಗೆ ಅದೇ ಮಾತ್ರೆ ಕೊಟ್ಟು ಮನೆಗೆ ಕಳಿಸಿದರು. ಮನೆ ಊಟ ಕಡಿಮೆ, ಇಕ್ಕಟ್ಟು, ವಿಶ್ರಾಂತಿ ಇಲ್ಲ. ವರ್ಷದ ನಂತರ ನೋಡಿದರೆ ಇಬ್ಬರೂ ಹೆಚ್ಚು ಕಡಿಮೆ ಒಂದೇ ಥರ ಗುಣ ಆಗಿದ್ದರು! 1959ರಲ್ಲಿ ಪ್ರಕಟವಾದ ಈ ಫಲಿತಾಂಶ ಜಗತ್ತಿನ ಟಿಬಿ ಚಿಕಿತ್ಸೆಯನ್ನೇ ಬದಲಾಯಿಸಿತು. ಹಾಸಿಗೆ ಇಲ್ಲದ ಬಡ ದೇಶಗಳಿಗೆ ಅದು ವರ. ಲಕ್ಷಾಂತರ ಜನ ಮನೆಯಲ್ಲೇ ಗುಣವಾದರು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಆ ಪ್ರಯೋಗ ಮುಖ್ಯವಾಗಿ ಕೇಳಿದ್ದು ಈ ಪ್ರಶ್ನೆ: ಮಾತ್ರೆ ಕೊಟ್ಟರೆ ಮನೆಯಲ್ಲೇ ಗುಣ ಆಗ್ತಾರಾ? ಮನೆಮಂದಿಗೆ ಊಟ ಕೊಟ್ಟರೆ ಕಾಯಿಲೆ ಬರೋದನ್ನ ತಡೆಯಬಹುದಾ ಅಂತ ಅದು ಕೇಳಿರಲಿಲ್ಲ. ಸರ್ಕಾರಗಳು ಮಾತ್ರ ಅದನ್ನ ತಮಗೆ ಅನುಕೂಲ ಆಗೋ ಹಾಗೆ ಓದಿಕೊಂಡವು. ಊಟ ಮುಖ್ಯ ಅಲ್ಲವಂತೆ, ಮಾತ್ರೆ ಸಾಕಂತೆ. ಆಮೇಲೆ ಆರು ದಶಕ ಟಿಬಿ ಕಾರ್ಯಕ್ರಮದಲ್ಲಿ ತಟ್ಟೆಯ ಮಾತೇ ಹಿಂದಕ್ಕೆ ಸರಿಯಿತು. ನನ್ನ ಅಭಿಪ್ರಾಯ ಕೇಳಿದರೆ, ಊಟ ಕೊಡೋದು ಖರ್ಚಿನ ಬಾಬ್ತು ಅನ್ನೋ ಲೆಕ್ಕಾಚಾರಕ್ಕೆ ಒಂದು ವಿಜ್ಞಾನದ ನೆಪ ಸಿಕ್ಕಿತು.

ನಾನು ವರದಿಗಾರನಾಗಿದ್ದಾಗ ಬೆಂಗಳೂರಿನ ಹೊರವಲಯದಲ್ಲಿ, ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ತಗಡಿನ ಶೆಡ್‌ಗಳಿಗೆ ಹೋಗಿದ್ದೆ. ಒಬ್ಬ ಹೆಣ್ಣುಮಗಳು ಟಿಬಿ ಮಾತ್ರೆ ಅರ್ಧಕ್ಕೆ ಬಿಟ್ಟಿದ್ದಳು. ಯಾಕವ್ವಾ ಬಿಟ್ಟೆ ಅಂದೆ. "ಗುಳಗಿ ತಗೊಂಡ್ರ ಹೊಟ್ಯಾಗ ಉರಿ ಬೀಳ್ತದ್ರೀ ಅಣ್ಣಾ, ಅದರ ಮ್ಯಾಲ ತಿನ್ನಾಕ ಏನದ?" ಅಂದಳು. ಹಿಂದೆ ತಿರುಗಿ ಒಲೆ ಕಡೆ ಕೈ ತೋರಿಸಿದಳು. ಕ್ಯಾಮೆರಾಮನ್ ಆ ಒಲೆಯನ್ನ ಶೂಟ್ ಮಾಡಿಕೊಂಡ. ಪ್ರಸಾರ ಆದ ಸ್ಟೋರಿಯಲ್ಲಿ ಆ ಶಾಟ್ ಇರಲಿಲ್ಲ, ಎರಡು ನಿಮಿಷಕ್ಕೆ ಹೊಂದಲಿಲ್ಲವಂತೆ.

ಸರಿ, "ಹೇಳಿದ್ರೂ ಆಸ್ಪತ್ರೆಗೆ ಹೋಗಲ್ಲ" ಅನ್ನೋ ಮಾತಿಗೆ ಬರೋಣ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ, 1959ರದ್ದು. ಅರವತ್ತರ ದಶಕದ ಆರಂಭದಲ್ಲಿ ಆ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಟಿಬಿ ಇರುವವರನ್ನ ಹುಡುಕಿದರು. ಡಿ. ಬ್ಯಾನರ್ಜಿ ಮತ್ತು ಆಂಡರ್ಸನ್ ಅಂತ ಇಬ್ಬರು ಸಂಶೋಧಕರು ಆ ರೋಗಿಗಳ ಜೊತೆ ಕೂತು ಮಾತಾಡಿಸಿದರು. ಬಹುತೇಕ ಎಲ್ಲರಿಗೂ ತಮಗೆ ಏನೋ ಆಗಿದೆ ಅಂತ ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಆಸ್ಪತ್ರೆಗೆ ಹೋಗಿ ಬಂದಿದ್ದರು! ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟಲಿ. ರೋಗಿ ಆಸ್ಪತ್ರೆಗೆ ಹೋಗಿದ್ದ, ಆಸ್ಪತ್ರೆಯೇ ಅವನನ್ನ ಗುರುತಿಸಲಿಲ್ಲ.

ಈಗಿನ ಪರಿಸ್ಥಿತಿ ಬೇರೆ. ಮೊದಲು ಹೇಳಿದ ಐಸಿಎಂಆರ್ ಸಮೀಕ್ಷೆಯಲ್ಲಿ, ಟಿಬಿ ಲಕ್ಷಣ ಇದ್ದವರಲ್ಲಿ ಶೇ. 64ರಷ್ಟು ಜನ ಎಲ್ಲೂ ತೋರಿಸಿಕೊಂಡಿರಲಿಲ್ಲ. ಕೆಮ್ಮು ತಾನೇ ಅಂತ ಸುಮ್ಮನಿದ್ದರು ಅನ್ನೋದೇ ದೊಡ್ಡ ಕಾರಣ. ನೋಡಿ ಸಾರ್, ನಾವು ಹೇಳಿದ್ದು ಸರಿ ಆಯ್ತಲ್ಲ ಅಂತೀರಾ? ಒಂದು ನಿಮಿಷ ಇರಿ. ಆ ಗಾರೆ ಕೆಲಸದವನ ಲೆಕ್ಕಕ್ಕೆ ವಾಪಸ್ ಬನ್ನಿ. ದಿನಗೂಲಿ 600 ರೂಪಾಯಿ ಅಂತಿಟ್ಟುಕೊಳ್ಳಿ. ಕೆಮ್ಮು ಶುರುವಾಗಿ ಹತ್ತು ದಿನ. ಬೆಳಗ್ಗೆ ಆಸ್ಪತ್ರೆಗೆ ಹೋದರೆ ಆ ದಿನದ ಕೂಲಿ ಹೋಯಿತು. ಕಫ ಕೊಟ್ಟು ಬಂದ, ರಿಪೋರ್ಟಿಗೆ ಇನ್ನೊಂದು ದಿನ. 1,200 ರೂಪಾಯಿ, ಮೇಲೆ ಬಸ್ ಚಾರ್ಜು. ಮೂರನೇ ದಿನ ಮೇಸ್ತ್ರಿ ಬೇರೆಯವನನ್ನ ಕರ್ಕೊಂಡಿರ್ತಾನೆ. ಅದರ ಬದಲು ಸಂಜೆ ಏಳು ಗಂಟೆಗೆ ಬೀದಿ ಕೊನೆಯ ಮೆಡಿಕಲ್ ಶಾಪ್‌ಗೆ ಹೋದರೆ 60 ರೂಪಾಯಿಗೆ ಒಂದು ಸಿರಪ್, ನಾಲ್ಕು ಮಾತ್ರೆ. ಎರಡು ದಿನ ಕೆಮ್ಮು ತಗ್ಗುತ್ತೆ. ಅವನ ಜಾಗದಲ್ಲಿ ನೀವಿದ್ದರೆ, ನಾನಿದ್ದರೆ, ಏನು ಮಾಡ್ತಿದ್ವಿ? ಹೀಗೆ ಒಂದು ತಿಂಗಳು, ಎರಡು ತಿಂಗಳು ಹೋಗುತ್ತೆ. ಅಷ್ಟರಲ್ಲಿ 46 ಇದ್ದ ತೂಕ 42ಕ್ಕೆ ಬಂದಿರುತ್ತೆ. ಕೂಲಿ ನಿಂತಿರುತ್ತೆ, ಕೈಸಾಲ ಆಗಿರುತ್ತೆ, ಸಾಲ ತೀರಿಸೋಕೆ ಮನೆಯಲ್ಲಿ ಮೊದಲು ನಿಲ್ಲೋದು ಹಾಲು, ಬೇಳೆ, ಮೊಟ್ಟೆ. ಅಂದರೆ ಅವನ ಕಾಯಿಲೆ ಅವನ ಹೆಂಡತಿ ಮಕ್ಕಳ ತಟ್ಟೆಯನ್ನ ಖಾಲಿ ಮಾಡುತ್ತೆ. ಅದೇ ಎರಡು ತಿಂಗಳು ಅವನು ಅವರ ಪಕ್ಕದಲ್ಲೇ ಮಲಗಿ ಕೆಮ್ಮಿರ್ತಾನೆ. ಕ್ರಿಮಿಯೂ ಅಲ್ಲೇ, ಹಸಿವೂ ಅಲ್ಲೇ.

ಮಲಗೋ ಜಾಗದ ಮಾತು ಬಂತಲ್ಲ, ಅದನ್ನೂ ನೋಡಿಬಿಡೋಣ. ಊಟ ಒಂದೇ ಅಲ್ಲ, ಕೋಣೆಯೂ ಕಾಯಿಲೆ ಹಂಚುತ್ತೆ. ಟಿಬಿ ಹರಡೋದು ಗಾಳಿಯಲ್ಲಿ. ರೋಗಿ ಕೆಮ್ಮಿದಾಗ ಬರುವ ಅತಿ ಸಣ್ಣ ಹನಿಗಳು ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲ್ತವೆ. ಕಿಟಕಿ ತೆರೆದು ಗಾಳಿ ಆಡಿದರೆ ಚದುರಿ ಹೋಗ್ತವೆ, ಬಿಸಿಲು ಬಿದ್ದರೆ ಕ್ರಿಮಿ ಸಾಯುತ್ತೆ. ಹಾಗಾಗಿ ಸೋಪು ಹಾಕಿ ನೆಲ ಉಜ್ಜಿದರೆ ಟಿಬಿ ಹೋಗಲ್ಲ. "ಸ್ವಚ್ಛತೆ ಇಲ್ಲ" ಅನ್ನೋ ಮಾತು ಇಲ್ಲಿ ಕೆಲಸಕ್ಕೆ ಬರಲ್ಲ. ನಾನು ನೋಡಿದ ಎಷ್ಟೋ ಒಂದೇ ಕೋಣೆಯ ಮನೆಗಳು ನನ್ನ ಆಫೀಸ್ ಟೇಬಲ್‌ಗಿಂತ ಸ್ವಚ್ಛವಾಗಿದ್ದವು. ಕಿಟಕಿ ಮಾತ್ರ ಇರಲಿಲ್ಲ.

ಸ್ಲಂ ತೆಗೆದು ಪಕ್ಕಾ ಮನೆ ಕೊಟ್ಟರೆ ಆಯ್ತಲ್ಲ ಅಂತೀರಾ? ಮುಂಬೈಯಲ್ಲಿ ಹಾಗೆ ಮಾಡಿ ನೋಡಿದ್ದಾರೆ. ರಸ್ತೆ, ರೈಲು ಯೋಜನೆಗಳಿಗಾಗಿ ಗುಡಿಸಲು ಕಳಕೊಂಡವರನ್ನ ಗೋವಂಡಿ ಪ್ರದೇಶದ ಏಳೆಂಟು ಅಂತಸ್ತಿನ ಕಟ್ಟಡಗಳಿಗೆ ಕಳಿಸಿದರು. ಲಲ್ಲೂಭಾಯಿ ಕಾಂಪೌಂಡ್, ನಟವರ್ ಪಾರೇಖ್ ಕಾಂಪೌಂಡ್ ಅಂತ. ಪುನರ್ವಸತಿ ಕಟ್ಟಡ ಅಂತ ನಿಯಮ ಸಡಿಲ ಮಾಡಿದ್ದರಿಂದ ಎರಡು ಕಟ್ಟಡಗಳ ನಡುವೆ ಅಂತರ ಬರೀ 3 ಮೀಟರ್. ಕೆಳಗಿನ ಮನೆಗಳಿಗೆ ಮಧ್ಯಾಹ್ನ ಹನ್ನೆರಡಕ್ಕೂ ಲೈಟ್ ಬೇಕು. 'ಡಾಕ್ಟರ್ಸ್ ಫಾರ್ ಯು' ಸಂಸ್ಥೆ ಮತ್ತು ಐಐಟಿ ಬಾಂಬೆಯವರು 2018ರಲ್ಲಿ ಅಲ್ಲಿ ಅಧ್ಯಯನ ಮಾಡಿದಾಗ, ಈ ಎರಡು ಕಡೆ ಟಿಬಿ ಜಾಸ್ತಿ ಇತ್ತು. ಕಟ್ಟಡಗಳ ನಡುವೆ ಜಾಗ ಬಿಟ್ಟು ಕಟ್ಟಿದ್ದ ಹತ್ತಿರದ ಪಿಎಂಜಿ ಕಾಲೊನಿಯಲ್ಲಿ ಕಡಿಮೆ. ಒಂದೇ ಕಟ್ಟಡದಲ್ಲೂ ಗಾಳಿ ಬೆಳಕು ಸೇರದ ಕೆಳ ಅಂತಸ್ತುಗಳಲ್ಲಿ ಹೆಚ್ಚು, ಮೇಲೆ ಕಡಿಮೆ. ಇಲ್ಲಿ ಬಡವರು ಬಡವರಿಗೇ ಹೋಲಿಕೆ, ಗಮನಿಸಿ. ಎರಡೂ ಕಡೆ ಅದೇ ಥರದ ಜನ. ಬದಲಾಗಿದ್ದು ಕಟ್ಟಡದ ನಕ್ಷೆ. ಆ ನಕ್ಷೆಗೆ ಸಹಿ ಹಾಕಿದವರು ವೈದ್ಯರಲ್ಲ, ಅವರ ಮೇಲೆ ಯಾರೂ ಆರೋಗ್ಯದ ಪ್ರಶ್ನೆ ಕೇಳಲ್ಲ. ನಮ್ಮ ಊರುಗಳಲ್ಲೂ ಬಡವರಿಗೆ ಬಹುಮಹಡಿ ಮನೆಗಳ ಯೋಜನೆ ನಡೀತಾ ಇವೆ. ಶಂಕುಸ್ಥಾಪನೆ ದಿನ ಮೈಕ್ ಹಿಡಿದು ಕೇಳಬೇಕಾದ ಪ್ರಶ್ನೆ ಇದು. ನಮ್ಮ ವರದಿಗಾರರಿಗೂ ಹೇಳಿದ್ದೀನಿ.

ಕೊನೆಗೆ ದುಡ್ಡಿನ ವಿಷಯ. ಸರ್ಕಾರ ಏನೂ ಮಾಡಿಲ್ಲ ಅಂತ ನಾನು ಹೇಳಲ್ಲ. 2018ರ ಏಪ್ರಿಲ್‌ನಿಂದ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಟಿಬಿ ರೋಗಿಯ ಖಾತೆಗೆ ತಿಂಗಳಿಗೆ 500 ರೂಪಾಯಿ ಬರ್ತಿತ್ತು. 2024ರ ನವೆಂಬರ್‌ನಿಂದ ಅದು 1,000. ಈಗ ಎರಡು ಕಂತಿನಲ್ಲಿ, ಕಾಯಿಲೆ ಪತ್ತೆಯಾದ ಕೂಡಲೇ 3,000, ಸುಮಾರು ಮೂರು ತಿಂಗಳ ಚಿಕಿತ್ಸೆ ಆದ ಮೇಲೆ ಇನ್ನು 3,000. ಮುಂಗಡವಾಗಿ ಕೊಡೋ ಈ ಬದಲಾವಣೆ ಒಳ್ಳೆಯದು, ಯಾಕಂದರೆ ಮೊದಲ ಎರಡು ತಿಂಗಳ ತೂಕವೇ ಜೀವದ ಪ್ರಶ್ನೆ ಅಂತ ಈಗಷ್ಟೇ ನೋಡಿದೆವು. ಆರನೇ ತಿಂಗಳಲ್ಲಿ ಬರೋ ದುಡ್ಡು ಎರಡನೇ ತಿಂಗಳ ಅನ್ನ ಆಗಲ್ಲ.

ಆದರೆ ದುಡ್ಡು ಖಾತೆಗೆ ಬರೋಕೆ ಖಾತೆ ಇರಬೇಕು, ಆಧಾರ್ ಜೋಡಣೆ ಆಗಿರಬೇಕು. ವಲಸೆ ಬಂದವನ ಪಾಸ್‌ಬುಕ್ ಊರಲ್ಲಿರುತ್ತೆ, ಫೋನ್ ನಂಬರ್ ಬದಲಾಗಿರುತ್ತೆ. ದುಡ್ಡು ಬಂದರೂ ಅದು ಮೊದಲು ಕೈಸಾಲದವನ ಜೇಬಿಗೆ ಹೋಗುತ್ತೆ, ತಪ್ಪು ಅನ್ನೋಕಾಗಲ್ಲ. ಜೊತೆಗೆ, ಆ ದುಡ್ಡು ಒಬ್ಬ ರೋಗಿಗೆ. ಜಾರ್ಖಂಡ್ ಪ್ರಯೋಗದಲ್ಲಿ ಟಿಬಿ ಕಡಿಮೆಯಾಗಿದ್ದು ಮನೆಮಂದಿಗೆಲ್ಲ ಊಟ ಕೊಟ್ಟಾಗ. ಅಲ್ಲಿ ಆಗಿನ ಬೆಲೆಯಲ್ಲಿ ರೋಗಿಗೆ ತಿಂಗಳಿಗೆ ಸುಮಾರು 13 ಡಾಲರ್, ಅಂದರೆ ಸಾವಿರ ರೂಪಾಯಿ ಆಸುಪಾಸು ಖರ್ಚಾಗಿತ್ತು. ಮನೆಯ ಉಳಿದ ಒಬ್ಬೊಬ್ಬರಿಗೆ ಸುಮಾರು 4 ಡಾಲರ್, ಮುನ್ನೂರು ರೂಪಾಯಿ. ನಾಲ್ಕು ಜನರ ಮನೆ ಅಂದರೆ ತಿಂಗಳಿಗೆ ಎರಡು ಸಾವಿರ. 2024ರಲ್ಲಿ ಮನೆಮಂದಿಗೂ ಆಹಾರದ ಕಿಟ್ ಕೊಡಬಹುದು ಅಂತ ಕೇಂದ್ರ ತೀರ್ಮಾನ ಮಾಡಿದೆ, ಆದರೆ ಅದು ನಿಕ್ಷಯ್ ಮಿತ್ರ ಅನ್ನೋ ದಾನಿಗಳ ಮೂಲಕ. ಅಂದರೆ ನಿಮ್ಮ ತಾಲ್ಲೂಕಿನಲ್ಲಿ ಯಾರಾದರೂ ಪುಣ್ಯಾತ್ಮರು ಮುಂದೆ ಬಂದರೆ ಆ ಮಕ್ಕಳಿಗೆ ಬೇಳೆ, ಬರದಿದ್ದರೆ ಇಲ್ಲ. ಮಾತ್ರೆಯನ್ನ ನಾವು ದಾನಿಗಳಿಗೆ ಬಿಟ್ಟಿದ್ದೀವಾ? ಇಲ್ಲ ತಾನೇ? ಹರಡುವ ಟಿಬಿಯನ್ನ ಹೆಚ್ಚು ಕಡಿಮೆ ಅರ್ಧದಷ್ಟು ತಡೆಯೋ ಅನ್ನವನ್ನ ಯಾಕೆ ಬಿಟ್ಟಿದ್ದೀವಿ? ಆರೋಗ್ಯ ಸಚಿವರು ಇದಕ್ಕೆ ಉತ್ತರ ಕೊಡೋದಾದರೆ ಈ ಸ್ಟುಡಿಯೋದಲ್ಲಿ ಕುರ್ಚಿ ಖಾಲಿ ಇದೆ.

ನೋಡ್ತಾ ಇರುವವರಲ್ಲಿ ಯಾರಿಗಾದರೂ, ನಿಮ್ಮ ಮನೆ ಕೆಲಸಕ್ಕೆ ಬರುವವರಿಗೆ, ಪಕ್ಕದ ಸೈಟಿನ ವಾಚ್‌ಮನ್‌ಗೆ, ಎರಡು ವಾರ ದಾಟಿದ ಕೆಮ್ಮು, ಸಂಜೆ ಹೊತ್ತಿನ ಜ್ವರ, ಬಟ್ಟೆ ಸಡಿಲ ಆಗೋ ಹಾಗೆ ತೂಕ ಇಳಿಯೋದು, ಇದರಲ್ಲಿ ಯಾವುದಿದ್ದರೂ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕಫ ಪರೀಕ್ಷೆ ಉಚಿತ. ಅವರು ಹೋಗೋ ದಿನದ ಕೂಲಿ ಕತ್ತರಿಸಬೇಡಿ. ಟಿಬಿ ಅಂತ ಗೊತ್ತಾದರೆ ಮನೆಯ ಉಳಿದವರನ್ನೂ ಪರೀಕ್ಷೆ ಮಾಡಿಸಿ, ತಿಂಗಳಿಗೊಮ್ಮೆ ತೂಕ ನೋಡಿ ಕಾರ್ಡ್‌ನಲ್ಲಿ ಬರೆಸಿ. ನಿಕ್ಷಯ್ ಸಹಾಯವಾಣಿ 1800-11-6666, ದುಡ್ಡಿಲ್ಲದೆ ಕರೆ ಮಾಡಬಹುದು. ಖಾತೆಗೆ ಮೊದಲ ಕಂತು ಬಂದಿಲ್ಲ ಅಂದರೂ ಅಲ್ಲೇ ಕೇಳಿ.